ಉಡಿಯಕ್ಕಿ ಛಾಪದ ಸೀರೆ

ಕೃಷ್ಣಾಜಿಪಂತ ಹುನ್ನೂರಕರ ಸಿಟ್ಟು ಬಂದರೆ ಬಾಯಿ ಮಾಡುವವನಲ್ಲ. ತಲೆಯ ಮೇಲಿನ ಕರಿ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ, ಅಷ್ಟೇ. ಬನಹಟ್ಟಿಯ ಪೇಟೆಯಲ್ಲಿ ಎಲ್ಲರಿಗೂ ಇದು ಗೊತ್ತು. ಟೊಪ್ಪಿಗೆ ಕಂಕುಳಲ್ಲಿ ಕಂಡರೆ "ಇವತ್ತ ಪಂತರನ್ನ ಮಾತಾಡಸಬ್ಯಾಡ್ರೋ" ಎಂದು ನೇಕಾರರು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಅವನು ಆ ಪೇಟೆಗೆ ಬಂದ ಮೊದಲಿನ ಹದಿನೆಂಟು ವರ್ಷದಲ್ಲಿ ಹಾಗೆ ಕಂಡದ್ದು ನಾಲ್ಕೋ ಐದೋ ಸಲ. ಐವತ್ತಮೂರನೆಯ ಇಸವಿಯ ದೀಪಾವಳಿಯಿಂದ ಮುಂದಿನ ವೈಶಾಖದವರೆಗೆ ಮಾತ್ರ ಆ ಟೊಪ್ಪಿಗೆ ತಲೆಯ ಮೇಲಿದ್ದದ್ದಕ್ಕಿಂತ ಕಂಕುಳಲ್ಲಿದ್ದದ್ದೇ ಹೆಚ್ಚು.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಂತ ಹುಟ್ಟಿದ್ದು ಹುನ್ನೂರಿನಲ್ಲಿ. ತಂದೆ ತಾಯಿ ಬೇಗ ಹೋದರು. ಅಕ್ಕ ವತ್ಸಲಾಬಾಯಿ ಹತ್ತೊಂಬತ್ತಕ್ಕೇ ಗಂಡನನ್ನು ಕಳಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಬಂದವಳು. ಅವಳೇ ತಮ್ಮನನ್ನು ಬೆಳೆಸಿದಳು, ಸಾಲಿಗೆ ಕಳಿಸಿದಳು, ರಾಧಾಬಾಯಿಯನ್ನು ತಂದು ಮದುವೆ ಮಾಡಿದಳು. ಆದರೆ ಆ ಮದುವೆಯ ಚಪ್ಪರದಲ್ಲಿ ಅವಳು ನಿಲ್ಲಲಿಲ್ಲ. ವಿಧವೆ ನಿಲ್ಲಬಾರದಂತೆ! ಅಡುಗೆಮನೆಯ ಬಾಗಿಲಿನ ಸಂದಿಯಿಂದ ನೋಡಿದಳು. ಹಾಳು ಪದ್ಧತಿ ಎಂದು ಪಂತ ಅವತ್ತು ಅಂದುಕೊಂಡ. ಅಂದುಕೊಂಡು ಸುಮ್ಮನಾದ. ಎಲ್ಲರೂ ಮಾಡಿದ್ದು ಅದನ್ನೇ.

ಸಂಸಾರ ಜಮಖಂಡಿಯಲ್ಲಿ, ನೌಕರಿ ಬನಹಟ್ಟಿಯಲ್ಲಿ. ಸಾವಕಾರ ಶಿದ್ರಾಮಪ್ಪನವರ ಸೀರೆ ಪೇಢಿಯಲ್ಲಿ ಅವನು ತಿರುಗಾಟದ ಗುಮಾಸ್ತ. ಮಾದರಿ ಸೀರೆಗಳ ಗಂಟು ಹೊತ್ತು ಮುಧೋಳ, ಲೋಕಾಪುರ, ಬೀಳಗಿ ಎಂದು ಅಂಗಡಿ ಅಂಗಡಿ ತಿರುಗಿ ಆರ್ಡರು ತರುವ ಕೆಲಸ. ಆಗಿನ ಕಾಲಕ್ಕೆ ಸೀರೆಗೆ ಹೆಸರೆಂಬುದು ಇರಲಿಲ್ಲ. ಇಪ್ಪತ್ತು ಮಗ್ಗದ ಸೀರೆ ಒಂದೇ ಥಪ್ಪಿಯಲ್ಲಿ ಬಿದ್ದಿರುತ್ತಿದ್ದವು. ಯಾರ ಸೀರೆ ಬಣ್ಣ ಬಿಟ್ಟಿತು, ಯಾರದು ಬಿಡಲಿಲ್ಲ ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಒಮ್ಮೆ ಬೀಳಗಿಯ ಅಂಗಡಿಯೊಂದರಲ್ಲಿ ಕೂತಿದ್ದಾಗ ಒಬ್ಬ ಹೆಣ್ಣುಮಗಳು ಬಂದು ಅಂಗಡಿಯವನ ಮೇಲೆ ಹರಿಹಾಯ್ದಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬಿದ್ದರು. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣ ಬೇರು. ಕಾಯಿಯ ಹಸಿಗೆ ಸೀರೆ ಬಣ್ಣ ಬಿಟ್ಟು ಅಕ್ಕಿ ಕೆಂಪಾಗಿ ಹೋಗಿತ್ತು. ಅತ್ತೆ ಉಡಿ ಬಿಚ್ಚಿದವಳೇ "ರಕ್ತದಾಗ ಕಲಸಿದ ಅಕ್ಕಿ ತಂದಾಳ ನೋಡ್ರವ್ವಾ ಸೊಸಿ" ಎಂದಳಂತೆ. ಹುಡುಗಿ ಆ ಮಾತು ಕೇಳಿಯೇ ಸಂಸಾರ ಸುರುಮಾಡಿದಳು.

ಪಂತ ಬನಹಟ್ಟಿಗೆ ಬಂದು ಈ ಕಥೆ ಹೇಳಿದ. ಶಿದ್ರಾಮಪ್ಪನವರು ಕಡಿಮೆ ಮಾತಿನ ಮನುಷ್ಯ. ಎಲೆ ಅಡಿಕೆ ಹಾಕಿಕೊಂಡು ಕೇಳಿದರು. ಮರುದಿನದಿಂದ ಹೊಸ ಪದ್ಧತಿ ಸುರುವಾಯಿತು. ಮಗ್ಗದಿಂದ ಇಳಿದ ಪ್ರತಿ ಸೀರೆಯ ಸೆರಗಿನಲ್ಲಿ ಒಂದು ಹಿಡಿ ತೊಯ್ದ ಅಕ್ಕಿ ಕಟ್ಟಿಡುವುದು. ಬೆಳಿಗ್ಗೆ ಬಿಚ್ಚುವುದು. ಅಕ್ಕಿ ಬಿಳಿಯಾಗಿ ಉಳಿದರೆ ಸೀರೆಗೆ ಛಾಪ. ಒಂದು ಕಾಳು ಕೆಂಪಾದರೂ ಛಾಪಿಲ್ಲ, ಹೆಸರಿಲ್ಲದ ಥಪ್ಪಿಗೆ ಅದು. ಛಾಪದ ಚಿತ್ರವನ್ನು ಮುಂಬಯಿಯಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಿದರು: ಹಸಿರು ಬಳೆಯ ಎರಡು ಕೈ ಒಬ್ಬ ಮುತ್ತೈದೆಯ ಉಡಿಗೆ ಅಕ್ಕಿ ಸುರಿಯುತ್ತಿವೆ. ಆ ಚೀಟಿ ಮಡಿಕೆಯ ಮೇಲೆ ಅಂಟಿಸುವುದಕ್ಕೆ. ಅದೇ ಚಿತ್ರದ ಶಿಕ್ಕಾ, ಬಂಗಾರದ ಬಣ್ಣದಲ್ಲಿ, ಸೆರಗಿನ ಒಳತುದಿಗೆ ಒತ್ತುವುದಕ್ಕೆ. ಮೂರು ಒಗೆತ ಆಗುವ ತನಕ ಆ ಶಿಕ್ಕಾ ಹೋಗುತ್ತಿರಲಿಲ್ಲ.

ಹೆಸರು ಉಡಿಯಕ್ಕಿ ಛಾಪ.

ಛಾಪ ಹುಟ್ಟಿಸುವುದು ಸುಲಭ, ಬೆಳೆಸುವುದು ಯಾರಪ್ಪನ ಮನೆಯ ಕೆಲಸವೂ ಅಲ್ಲ. ಮೊದಲ ಮೂರು ವರ್ಷ ಅಂಗಡಿಯವರು ನಕ್ಕರು. "ಚೀಟಿ ನೋಡಿ ಸೀರಿ ಯಾರ ತೊಗೋತಾರ್ರೀ ಪಂತರ?" ಎಂದರು. ಪಂತ ಅಂಗಡಿಯಲ್ಲೇ ಕೂತು ಅಕ್ಕಿ ತೋಯಿಸಿ ಸೆರಗಿಗೆ ಕಟ್ಟಿ ತೋರಿಸಿದ. ಊರೂರಿನ ಹೆಂಗಸರ ಮುಂದೆ ಬಿಚ್ಚಿ ತೋರಿಸಿದ. ಆರನೆಯ ವರ್ಷಕ್ಕೆ ಹೆಂಗಸರು ತಾವಾಗಿ "ಉಡಿಯಕ್ಕಿ ಐತೇನ್ರಿ?" ಎಂದು ಕೇಳಹತ್ತಿದರು. ಹತ್ತನೆಯ ವರ್ಷಕ್ಕೆ ಮದುವೆ, ಸೀಮಂತ, ಮಗಳನ್ನು ಕಳಿಸುವುದು ಯಾವುದಿದ್ದರೂ ಉಡಿಯಕ್ಕಿಯೇ. ತಯಾರಿಸುವವರು ಶಿದ್ರಾಮಪ್ಪ ಎಂದು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಶಿದ್ರಾಮಪ್ಪನವರಿಗೆ ಅದರ ಹೊಟ್ಟೆಕಿಚ್ಚೂ ಇರಲಿಲ್ಲ. ಛಾಪ ಸುರುವಾದ ಎರಡನೆಯ ವರ್ಷ, ಇಂದು ಎಂಬ ಮಗಳು ಹುಟ್ಟಿದಾಗಲೇ, ಪಂತ ಒಂದು ಸೀರೆ ಆರಿಸಿ ಪೆಟ್ಟಿಗೆಯಲ್ಲಿಟ್ಟಿದ್ದ. ಇವಳ ಉಡಿ ತುಂಬುವುದು ಇದೇ ಸೀರೆಯಲ್ಲಿ ಎಂದು ಹೆಂಡತಿಗೂ ಅಕ್ಕನಿಗೂ ಹೇಳಿ ಇಟ್ಟ.

ಶಿದ್ರಾಮಪ್ಪನವರು ಐವತ್ತೆರಡರಲ್ಲಿ ತೀರಿಕೊಂಡರು. ಗಾದಿಯ ಮೇಲೆ ಮಗ ಹೊಳಬಸಪ್ಪ ಬಂದು ಕೂತ.

ಹೊಳಬಸಪ್ಪ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ದುಡಿಯುವವ, ಕುಡಿಯದವ, ನೇಕಾರರ ಕೂಲಿ ನಿಲ್ಲಿಸದವ. ಮುಂಬಯಿ, ಸೋಲಾಪುರ ನೋಡಿ ಬಂದಿದ್ದ. ಅಲ್ಲಿನ ಗಿರಣಿಗಳು ಧೋತರಕ್ಕೂ ಚಾದರಕ್ಕೂ ಅಂಗಿಯ ಅರಿವೆಗೂ ಒಂದೇ ಹೆಸರು ಒತ್ತುವುದನ್ನು ಕಂಡಿದ್ದ. ಬರೀ ಸೀರೆ ನಂಬಿ ಕೂತರೆ ಲಗ್ನಸರಾಯಿ ಮುಗಿದ ಮೇಲೆ ಮಗ್ಗಗಳು ಖಾಲಿ ಕೂರುತ್ತವೆ, ಟಾವೆಲ್, ಧೋತರ, ಮಡಿ ಹೆಂಗಸರ ಕೆಂಪು ಸೀರೆ ಎಲ್ಲ ನೇಯಿಸಬೇಕು ಎಂದು ಅವನ ವಿಚಾರ. ವಿಚಾರ ತಪ್ಪಲ್ಲ. ಪಂತನೇ ತಲೆ ಅಲ್ಲಾಡಿಸಿದ. ಜಗಳ ಬಂದದ್ದು ಹೆಸರಿಗೆ.

"ಎಲ್ಲಾದಕ್ಕೂ ಉಡಿಯಕ್ಕೀನ ಒತ್ತೂದ್ರಿ ಪಂತರ," ಎಂದ ಹೊಳಬಸಪ್ಪ. "ಒಂದ ಮನಿ, ಒಂದ ಹೆಸರು."

"ಸಾವಕಾರ್ರ, ಟಾವೆಲ್ಲಿಗೆ ಧೋತರಕ್ಕೆ ಒಂದು ಹೊಸಾ ಛಾಪ ಮಾಡೋಣ್ರಿ. ಉಡಿಯಕ್ಕಿ ಸೀರಿಗೇ ಇರ್ಲಿ," ಎಂದ ಪಂತ.

"ಹೊಸಾ ಛಾಪಂದ್ರ ಹೊಸಾ ಚೀಟಿ, ಹೊಸಾ ಶಿಕ್ಕಾ, ಮುಂಬಯಿ ಕಚೇರಿಯೊಳಗ ನೋಂದಣಿ, ಅದಕ್ಕ ವಕೀಲ. ಆಮ್ಯಾಲ ನೀವು ಮತ್ತ ಹತ್ತ ವರ್ಷ ಅಕ್ಕಿ ಗಂಟ ಹೊತಗೊಂಡು ತಿರಗತೀರೇನು? ಇರೂ ಹೆಸರು ಬಿಟ್ಟು ಇಲ್ಲದ ಹೆಸರು ಯಾಕ ಹುಡಕೂದು? ಜನಕ್ಕ ಈ ಛಾಪಿನ ಮ್ಯಾಲ ನಂಬಿಗಿ ಐತಿ. ಆ ನಂಬಿಗಿ ಟಾವೆಲ್ಲಿಗೂ ಬರ್ತೈತಿ."

ಮಾತು ಖರೆಯೇ ಆಗಿತ್ತು. ಮುಂದಿನ ತಿಂಗಳು ಟಾವೆಲ್ಲಿನ ಗಂಟು ಹೊತ್ತು ಲೋಕಾಪುರಕ್ಕೆ ಹೋದಾಗ ಅಲ್ಲಿನ ದೊಡ್ಡ ಅಂಗಡಿಕಾರ ಚನಮಲ್ಲಪ್ಪ ಗಂಟು ಬಿಚ್ಚಿಯೂ ನೋಡಲಿಲ್ಲ. "ಉಡಿಯಕ್ಕೀದಲ್ರೀ? ಹಾಂಗಾರ ಬಣ್ಣ ಬಿಡಂಗಿಲ್ಲ. ಇಳಸ್ರಿ," ಎಂದ. ಹೊಸ ಮಾಲು ಒಂದೇ ಮಾತಿಗೆ ಅಂಗಡಿ ಹೊಕ್ಕಿತು. ಸೀರೆಗೆ ಆರು ವರ್ಷ ಹಿಡಿದ ಕೆಲಸ ಟಾವೆಲ್ಲಿಗೆ ಆರು ನಿಮಿಷ ಹಿಡಿಯಲಿಲ್ಲ. ಹೊಳಬಸಪ್ಪ ನಕ್ಕು "ಏನಂತೀರಿ ಪಂತರ?" ಎಂದ. ಪಂತ ಲೋಕಾಪುರದ ಆರ್ಡರು ಓದಿ ಹೇಳಿದ.

ದೀಪಾವಳಿ ಮುಗಿದ ಮೇಲೆ ಕೆಂಪು ಸೀರೆ ಮಗ್ಗದಿಂದ ಇಳಿಯಿತು. ದಡಿಯಿಲ್ಲ, ಸೆರಗಿನ ಚಿತ್ತಾರವಿಲ್ಲ. ವತ್ಸಲಾಬಾಯಿಯಂಥವರು ಸಾಯುವ ತನಕ ಉಡುವ ಸೀರೆ. ಪಂತ ಪೇಢಿಗೆ ಬಂದಾಗ ಇಬ್ಬರು ಆಳುಗಳು ಅದರ ಮೇಲೆ ಉಡಿಯಕ್ಕಿಯ ಚೀಟಿ ಅಂಟಿಸುತ್ತ ಕೂತಿದ್ದರು. ಬೋಳುತಲೆಯ ವಿಧವೆಯ ಸೀರೆ. ಅದರ ಮೇಲೆ ಹಸಿರು ಬಳೆಯ ಕೈ, ಮುತ್ತೈದೆಯ ಉಡಿ. ಪಂತನ ಟೊಪ್ಪಿಗೆ ಕಂಕುಳಿಗೆ ಇಳಿಯಿತು.

"ಇದಕ್ಕ ಬ್ಯಾಡ್ರಿ ಸಾವಕಾರ್ರ! ನಿಮ್ಮ ಕಾಲಿಗೆ ಬೀಳ್ತೀನಿ, ಇದಕ್ಕ ಬ್ಯಾಡ!"

"ಯಾಕ? ಅಕ್ಕಿ ಕಟ್ಟಿ ನೋಡೇವಲ್ರಿ, ಬಣ್ಣ ಬಿಟ್ಟಿಲ್ಲ. ಛಾಪಿನ ಅರ್ಥ ಅದ ಅಲ್ಲೇನು, ಬಣ್ಣ ಬಿಡೂದಿಲ್ಲಾಂತ?"

"ಅದು ನಮ್ಮ ಅರ್ಥರೀ. ಹೆಣ್ಣಮಕ್ಕಳ ಅರ್ಥ ಬ್ಯಾರೆ. ಅವರು ಬಣ್ಣಾ ಕೊಳ್ಳಲಿಕ್ಕೆ ಬರೂದಿಲ್ಲ. ಮಗಳು ಮುತ್ತೈದಿಯಾಗಿ ಬಾಳಲಿ ಅಂತ ಕೊಳ್ಳಲಿಕ್ಕೆ ಬರ್ತಾರ. ಟಾವೆಲ್ ಮೈ ಒರಸೂದು, ಅದಕ್ಕ ಶಕುನಿಲ್ಲ ಅಪಶಕುನಿಲ್ಲ, ಅದು ನಡೀತು. ಇದು ನಡಿಯೂದಿಲ್ಲ. ಆ ಸೀರಿಮ್ಯಾಲಿನ ಛಾಪ ಈ ಸೀರಿಮ್ಯಾಲ ಕಂಡ್ರ ಯಾವ ತಾಯಿ ಮಗಳಿಗೆ ಕೊಡಸ್ತಾಳ್ರೀ?"

ಹೊಳಬಸಪ್ಪ ತಾಳ್ಮೆಯಿಂದಲೇ ಕೇಳಿದ. ಆಮೇಲೆ ಹೇಳಿದ: "ಪಂತರ, ನಿಮ್ಮ ಮಂದ್ಯಾಗ ಇದು ಭಾಳ. ನಮ್ಮ ಮಂದ್ಯಾಗ ವಿಧವಿ ಮತ್ತ ಲಗ್ನಾ ಆಗ್ತಾಳ, ಬಣ್ಣದ ಸೀರಿ ಉಡ್ತಾಳ. ಇಷ್ಟೆಲ್ಲಾ ಯಾರ ನೋಡ್ತಾರ?"

ಇಲ್ಲಿಯೇ ಅವನು ಎಡವಿದ್ದು. ಮರುಮದುವೆಯಾಗುವ ಜನರಲ್ಲೂ ಮದುಮಗಳ ಉಡಿ ತುಂಬುವಾಗ ಮುತ್ತೈದೆಯರನ್ನೇ ಹುಡುಕಿ ಕರೆಯುತ್ತಾರೆಂಬುದು ಅವನ ಹೆಂಡತಿಗೆ ಗೊತ್ತಿತ್ತು, ಅವನ ಅವ್ವನಿಗೆ ಗೊತ್ತಿತ್ತು, ಅಂಗಳ ಕಸ ಗುಡಿಸುವವಳಿಗೂ ಗೊತ್ತಿತ್ತು. ಗಾದಿಯ ಮೇಲೆ ಕೂತು ವ್ಯವಹಾರ ಮಾಡುವ ಗಂಡಸು ಮನೆಯ ಹೆಂಗಸರನ್ನು ಸೀರೆಯ ವಿಷಯ ಕೇಳುವ ಪದ್ಧತಿ ಎಲ್ಲಿತ್ತು ಹೇಳಿ! ಸೀರೆ ಉಡುವವರು ಅವರು, ಅದರ ಮಾತಾಡುವವರು ಇವರು.

ಪಂತ ಕೊನೆಯ ಪಟ್ಟು ಹಾಕಿದ. "ಆತ್ರಿ, ಪೂರಾ ಬ್ಯಾರೆ ಹೆಸರು ತುಟ್ಟಿ ಆಗ್ತದ, ಒಪ್ಪಿದೆ. ಒಂದು ನಡುವಿನ ದಾರಿ ಅದ. ಒಂದ ಮನ್ಯಾಗ ನಾಕು ಮಂದಿಗೆ ನಾಕು ಹೆಸರು, ಅಡ್ಡಹೆಸರು ಒಂದ ಇರ್ತದಲ್ರಿ? ಹಂಗ ಮಾಡೋಣ. ಕೆಂಪು ಸೀರಿಗೆ ಚಿತ್ರ ಬ್ಯಾಡ. 'ಶಿದ್ರಾಮಪ್ಪ ಪೇಢಿ, ಬನಹಟ್ಟಿ, ಪಕ್ಕಾ ಬಣ್ಣ' ಅಂತ ಸಾದಾ ಅಕ್ಷರದಾಗ ಒತ್ತೋಣ. ಉಡಿಯಕ್ಕಿ ಚೀಟೀ ಕೆಳಗೂ ಅದ ಅಕ್ಷರ ಸಣ್ಣಾಗಿ ಹಾಕೋಣ. ಅಂಗಡ್ಯಾವಗ ಇಬ್ರೂ ಒಂದ ಮನ್ಯಾವರು ಅಂತ ಗೊತ್ತಾಗ್ತದ. ಹೆಣ್ಣಮಕ್ಕಳ ಕಣ್ಣಿಗೆ ಚಿತ್ರ ಬ್ಯಾರೆ."

ಇದಕ್ಕಿಂತ ಸರಳ ದಾರಿ ಇನ್ನೇನಿತ್ತು? ಆದರೆ ಮನೆಯಲ್ಲಿ ಐದು ಸಾವಿರ ಉಡಿಯಕ್ಕಿ ಚೀಟಿ ಅಚ್ಚಾಗಿ ಬಂದು ಬಿದ್ದಿದ್ದವು. ಮೇಲಾಗಿ ಅಪ್ಪನ ಹೆಸರು ಯಾರಿಗೂ ಗೊತ್ತಿಲ್ಲ, ಛಾಪು ಎಲ್ಲರಿಗೂ ಗೊತ್ತು, ಗೊತ್ತಿಲ್ಲದ್ದನ್ನು ಒತ್ತಿ ಏನು ಫಾಯಿದೆ ಎಂದು ಹೊಳಬಸಪ್ಪ ಕೇಳಿದ. "ಮತ್ತ ಈ ಸೀರಿ ಉಡಾವ್ರು ಆರಿಸಾಕ ಬರ್ತಾರೇನ್ರಿ? ತಮ್ಮನೋ ಮೈದುನನೋ ಬಂದು ಒಯ್ತಾನ. ಗಂಡಸು ಬಣ್ಣ ಬಿಡತೈತೋ ಇಲ್ಲೋ ಅಂತ ಅಷ್ಟ ಕೇಳ್ತಾನ. ಹೋಗ್ರಿ, ಗಂಟ ಕಟಗೋರಿ."

ಕಟ್ಟಿಕೊಂಡ. ಹೊಟ್ಟೆಪಾಡು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡ, ಆಮೇಲೆ ಹೊಳಬಸಪ್ಪನಿಗೆ ಬೈದ, ಆಮೇಲೆ ಬಸ್ಸಿನ ಧೂಳಿಗೆ ಬೈದ.

ಹೊಳಬಸಪ್ಪ ಹೇಳಿದಂತೆಯೇ ಆಯಿತು, ಅದೇ ದೊಡ್ಡ ಕಿರಿಕಿರಿ. ಕೆಂಪು ಸೀರೆ ಬಿಸಿ ರೊಟ್ಟಿಯ ಹಾಗೆ ಹೋದವು. ತಮ್ಮಂದಿರು, ಮೈದುನರು, ಮಕ್ಕಳು ಬಂದು "ಉಡಿಯಕ್ಕಿಯೇನ್ರಿ? ಕಟ್ರಿ" ಎಂದು ಒಯ್ದರು. ಪಂತನೂ ತಮ್ಮನೇ ತಾನೆ! ಅಕ್ಕನ ಸೀರೆ ಹರಿದಿತ್ತು. ಒಂದು ಸೀರೆ ಮನೆಗೆ ತಂದ. ಚೀಟಿಯನ್ನು ನೀರು ಹಚ್ಚಿ ಎಬ್ಬಿಸಿ, ಹರಿದು, ಬಸ್‌ಸ್ಟ್ಯಾಂಡಿನಲ್ಲೇ ಬಿಸಾಕಿ ಬಂದಿದ್ದ. ಸೆರಗಿನ ಒಳತುದಿಯ ಶಿಕ್ಕಾ ಮಾತ್ರ ಮರೆತೇ ಹೋಗಿತ್ತು. ಹದಿನೆಂಟು ವರ್ಷ ಊರೂರಿಗೆ ತೋರಿಸಿದ ಶಿಕ್ಕಾ!

ವತ್ಸಲಾಬಾಯಿ ಸೀರೆ ಬಿಚ್ಚಿ ತುದಿಯಿಂದ ತುದಿಗೆ ಕೈಯಾಡಿಸಿದಳು. ಶಿಕ್ಕಾ ಇದ್ದಲ್ಲಿ ಬೆರಳು ನಿಂತಿತು. ಬೆಳಕಿಗೆ ಹಿಡಿದು ನೋಡಿದಳು.

"ಕೃಷ್ಣಾ," ಎಂದಳು. "ಮೂವತ್ಮೂರು ವರ್ಷ ಆತು, ನನ್ನ ಉಡಿಯೊಳಗ ಯಾರೂ ಒಂದು ಕಾಳು ಅಕ್ಕಿ ಹಾಕಿಲ್ಲ. ನಿಮ್ಮ ಸಾವಕಾರ್ರು ಹಾಕ್ಯಾರ ನೋಡು."

ಪಂತನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ಅಕ್ಕಾ, ಕೊಡು, ವಾಪಸ್ ಒಯ್ತೀನಿ," ಎಂದ.

"ಯಾಕ ಒಯ್ತೀ? ಬಣ್ಣ ಛಲೋ ಅದ. ಉಡತೀನಿ." ಸೀರೆ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಳು. "ಆದ್ರ ಒಂದು ಮಾತು. ಇಂದೂನ ಲಗ್ನಕ್ಕಂತ ಒಂದು ಸೀರಿ ಇಟ್ಟೀಯಲ್ಲ, ಅದು ಇದ ಛಾಪಿಂದು. ನೆನಪಿರ್ಲಿ."

ಆ ಮಾತು ಅವತ್ತು ಪಂತನ ತಲೆಯೊಳಗೆ ಪೂರ್ತಿ ಇಳಿಯಲಿಲ್ಲ. ಮಾಘಮಾಸದಲ್ಲಿ ಲೋಕಾಪುರದಲ್ಲಿ ಇಳಿಯಿತು.

ಲಗ್ನಸರಾಯಿಯ ಖರೀದಿ. ಚನಮಲ್ಲಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂತ ಒಂದು ಮೂಲೆಯಲ್ಲಿ ಆರ್ಡರಿಗಾಗಿ ಕೂತಿದ್ದ. ಅನಸವ್ವ ಎಂಬ ರೈತರ ಹೆಣ್ಣುಮಗಳು, ನಾಲ್ಕು ಮಂದಿ ಬೀಗಿತ್ತಿಯರನ್ನು ಕರಕೊಂಡು, ಮಗಳ ಸೀರೆಗೆ ಬಂದಿದ್ದಳು. "ಉಡಿಯಕ್ಕಿ ತಗೀರಿ. ನನ್ನ ತಂಗಿ ಲಗ್ನಕ್ಕೂ ಅದ, ನನ್ನ ಹಿರೇ ಮಗಳ ಲಗ್ನಕ್ಕೂ ಅದ," ಎಂದು ದೊಡ್ಡ ದನಿಯಲ್ಲಿ ಹೇಳಿದಳು. ಪಂತನಿಗೆ ಕಿವಿ ತಂಪಾಯಿತು. ಚನಮಲ್ಲಪ್ಪ ಹಸಿರು ಸೀರೆ ಬಿಚ್ಚಿ ಹಾಸಿದ. ಅನಸವ್ವ ಸೆರಗು ತಿರುವಿ ಶಿಕ್ಕಾ ನೋಡಿದಳು, ತೃಪ್ತಿಯಾಯಿತು.

ಅದೇ ಹೊತ್ತಿಗೆ ಪಕ್ಕದಲ್ಲಿ ಒಬ್ಬ ಗೃಹಸ್ಥ ತಾಯಿಗೆಂದು ಕೆಂಪು ಸೀರೆ ಕಟ್ಟಿಸುತ್ತಿದ್ದ. ಆಳು ಮಡಿಕೆ ತಿರುಗಿಸಿದ. ಚೀಟಿ ಮೇಲೆ ಬಂತು. ಹಸಿರು ಬಳೆಯ ಕೈ.

ಅನಸವ್ವನ ಕಣ್ಣು ಆ ಚೀಟಿಗೆ ಹೋಯಿತು, ತನ್ನ ಕೈಯೊಳಗಿನ ಸೀರೆಗೆ ಬಂತು, ಮತ್ತೆ ಅತ್ತ ಹೋಯಿತು. ಕೆಂಡ ಮುಟ್ಟಿದವಳಂತೆ ಸೀರೆ ಬಿಟ್ಟಳು.

"ಅದೂ ಇದ ಛಾಪೇನ್ರೀ?"

"ಮನೀ ಒಂದ ಐತೆವಾ, ಬಣ್ಣ ಪಕ್ಕಾ..." ಚನಮಲ್ಲಪ್ಪ ತೊದಲಿದ.

"ಬಣ್ಣಕ್ಕ ಬೆಂಕಿ ಹಚ್ಚ್ರಿ! ಮುಂಡೇರು ಉಡೂ ಛಾಪು ನನ್ನ ಮಗಳ ಮೈಮ್ಯಾಲ ಹಾಕಲೇನು? ಏಳ್ರವಾ, ಏಳ್ರಿ!" ಐದು ಜನ ಎದ್ದರು. ಅವರನ್ನು ನೋಡಿ ಇನ್ನೊಂದು ಗುಂಪೂ ಎದ್ದಿತು. ಮೂಲೆಯಲ್ಲಿ ಪಂತನ ಟೊಪ್ಪಿಗೆ ಕಂಕುಳಿಗೆ ಇಳಿದಿತ್ತು. ಯಾರೂ ಅದನ್ನು ನೋಡಲಿಲ್ಲ.

ಹೆಂಗಸರ ಮಾತಿಗೆ ಬಸ್ಸು ಬೇಕೇ, ಟಪ್ಪಾಲು ಬೇಕೇ? ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಹೋಯಿತು. ಮುಧೋಳಕ್ಕೆ ಹೋದರೆ ಅಲ್ಲಿ ಮೊದಲೇ ಬಂದು ಕೂತಿತ್ತು. ಬೀಳಗಿಯಲ್ಲಿ ಅಂಗಡಿಯವನು ಪಂತನ ಮುಂದೆಯೇ ಸೀರೆಯ ಚೀಟಿ ಕೆರೆದು ತೆಗೆದ. "ಛಾಪಿಲ್ಲದ ಸೀರಿ ಅಂತಾದ್ರೂ ಮಾರ್ತೇನ್ರಿ," ಎಂದ. ಯಾವ ಛಾಪಿಗಾಗಿ ಹದಿನೆಂಟು ವರ್ಷ ಹೆಂಗಸರು ಸೆರಗು ತಿರುವಿ ನೋಡುತ್ತಿದ್ದರೋ ಅದೇ ಛಾಪು ಇಲ್ಲವೆಂದು ಖಾತ್ರಿಮಾಡಿಕೊಳ್ಳಲು ಈಗ ಸೆರಗು ತಿರುವುತ್ತಿದ್ದರು. ಚೀಟಿ ಕೆರೆಯಬಹುದು, ಶಿಕ್ಕಾ ಏನು ಮಾಡುತ್ತೀರಿ? ಹೊಸ ಸೀರೆ ಮೂರು ಸಲ ಒಗೆದು ಮಾರಲಾಗುತ್ತದೆಯೇ? ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು. ಬಣ್ಣ ಅದೇ, ನೂಲು ಅದೇ, ನೇಯ್ದ ಕೈ ಅದೇ. ಯಾರಿಗೆ ಬೇಕು ಅದೆಲ್ಲ?

ಫಾಲ್ಗುಣ ಮುಗಿಯುವಷ್ಟರಲ್ಲಿ ಸೀರೆಯ ಗಂಟುಗಳು ಒಂದೊಂದಾಗಿ ಬನಹಟ್ಟಿಗೆ ತಿರುಗಿ ಬಂದವು. ಪೇಢಿಯಲ್ಲಿ ಗೋಡೆಯ ಎತ್ತರಕ್ಕೆ ಥಪ್ಪಿ. ಹೊಳಬಸಪ್ಪ ಪಂತನನ್ನು ಕರೆಸಿದ. ಪಂತ ಟೊಪ್ಪಿಗೆ ಸರಿಮಾಡಿಕೊಂಡು, ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದ. ಕೆಂಪು ಸೀರೆಯಿಂದ ಛಾಪು ತೆಗೆಸಿಬಿಡಿ, ಊರೂರಿಗೆ ಹೋಗಿ ಹೆಂಗಸರಿಗೆ ಕೈಮುಗಿದು ಹೇಳುತ್ತೇನೆ, ಎರಡು ವರ್ಷದಲ್ಲಿ ಹೆಸರು ತಿರುಗಿ ತರುತ್ತೇನೆ, ಇದು ಅವನ ಮಾತು.

ಹೊಳಬಸಪ್ಪನೇ ಮೊದಲು ಮಾತಾಡಿದ. "ಪಂತರ, ನಾ ಭಾಳ ವಿಚಾರ ಮಾಡೀನಿ. ಒಂದೊಂದು ಮಾಲಿಗೆ ಒಂದೊಂದು ಹೆಸರ ಬೇಕ್ರಿ. ಎಲ್ಲಾದಕ್ಕೂ ಒಂದ ಹೆಸರ ಇಟ್ರ ಒಂದರ ಮೈಲಗಿ ಇನ್ನೊಂದಕ್ಕ ಹತ್ತತೈತಿ."

ಪಂತ ಅವನ ಮುಖವನ್ನೇ ನೋಡಿದ. ನಗುತ್ತಿರಲಿಲ್ಲ. ತಾನೇ ಕಂಡುಹಿಡಿದವನ ಹಾಗೆ ಗಂಭೀರವಾಗಿ ಹೇಳುತ್ತಿದ್ದ! ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. "ಹೌದ್ರಿ," ಎಂದ ಪಂತ. "ಹಾಂಗಾರ ಕೆಂಪು ಸೀರಿಗೆ..."

"ಕೆಂಪು ಸೀರಿಗೆ ಉಡಿಯಕ್ಕೀನ ಇರ್ಲಿ."

"ಏನಂದ್ರಿ?"

"ಅದು ಛಲೋ ಹೊಂಟೈತಿ. ಟಾವೆಲ್ಲೂ ಹೊಂಟೈತಿ. ನಿಂತದ್ದು ಲಗ್ನದ ಸೀರಿ ಒಂದ. ಅದಕ್ಕ ಹೊಸಾ ಹೆಸರ ಮಾಡೋಣು. ಐದು ಕಲಶದ ಛಾಪ. ಚೀಟಿಗೆ ಬರದೀನಿ ಮುಂಬಯಿಗೆ."

ಪಂತ ಒಂದು ಹೆಜ್ಜೆ ಮುಂದೆ ಬಂದ. "ಸಾವಕಾರ್ರ, ಅದು ಲಗ್ನದ ಛಾಪರೀ. ಕೆಂಪು ಸೀರಿಯಿಂದ ತಗದ್ರ ನಾ ತಿರುಗಿ ಎಬ್ಬಸ್ತೀನಿ..."

"ಒಂದ ಮಾತ ಕೇಳ್ತೇನಿ, ಖರೇ ಹೇಳ್ರಿ. ಆ ಲೋಕಾಪುರದ ಹೆಣ್ಣಮಗಳು ಇನ್ನ ತನ್ನ ಜನ್ಮದಾಗ ಆ ಛಾಪು ಮಗಳಿಗೆ ಕೊಡಸ್ತಾಳ?"

ಪಂತ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ರಿ," ಎಂದ. ಅಷ್ಟು ಹೇಳಿ ಟೊಪ್ಪಿಗೆ ತೆಗೆದ. ತಾನು ಸಾಕಿ ಬೆಳೆಸಿದ ಹೆಸರನ್ನು ತನ್ನ ಬಾಯಿಂದಲೇ ಮಣ್ಣಿಗಿಟ್ಟಂತಾಯಿತು. ಹೊಸ ಛಾಪಿಗೆ ಒಂದೇ ಒಂದು ಷರತ್ತು ಕೇಳಿಕೊಂಡ: ಅಕ್ಕಿ ಕಟ್ಟಿ ನೋಡುವ ಪದ್ಧತಿ ಬಿಡಬಾರದು. ಹೊಳಬಸಪ್ಪ ಒಪ್ಪಿದ. ಮರುವಾರದಿಂದ ನಲವತ್ತೆರಡು ವಯಸ್ಸಿನ ಪಂತ ಇಪ್ಪತ್ತಮೂರರಲ್ಲಿ ಮಾಡಿದ್ದನ್ನೇ ಮತ್ತೆ ಮಾಡಹತ್ತಿದ. ಅಂಗಡಿಯಲ್ಲಿ ಕೂತು ಅಕ್ಕಿ ತೋಯಿಸಿ ಕಟ್ಟಿ ಬಿಚ್ಚಿ ತೋರಿಸುವುದು. "ಐದು ಕಲಶ? ಕೇಳಿಲ್ಲಲ್ರೀ," ಎಂದು ಹೆಂಗಸರು ಪಕ್ಕದ ಸೀರೆಗೆ ಕೈ ಹಾಕುತ್ತಿದ್ದರು.

ವೈಶಾಖದಲ್ಲಿ ಇಂದುವಿನ ಮದುವೆ ಗೊತ್ತಾಗಿತ್ತು. ಪಂತ ಪೆಟ್ಟಿಗೆ ತೆಗೆದು ಹದಿನೇಳು ವರ್ಷದಿಂದ ಇಟ್ಟ ಸೀರೆ ಹೊರಗಿಟ್ಟ. ಬೇವಿನೆಲೆಯ ನಡುವೆ ಮಡಿಕೆ ಮುರಿಯದೆ ಇತ್ತು. ರಾಧಾಬಾಯಿ ಅದನ್ನು ಮುಟ್ಟಲಿಲ್ಲ.

"ಬ್ಯಾಡ್ರೀ," ಎಂದಳು.

"ಇದು ಹಳೇದು, ಶಿದ್ರಾಮಪ್ಪನವರ ಕಾಲದ್ದು. ಆಗ ಕೆಂಪು ಸೀರಿ ಎಲ್ಲಿತ್ತು?"

"ನನಗ ಗೊತ್ತದ. ಬೀಗಿತ್ತಿಗೆ ಗೊತ್ತಿಲ್ಲಲ್ಲ. ಸೆರಗು ತಿರುವಿ ನೋಡಿದ್ರ? ಒಬ್ಬಾಕಿ ಮಗಳ್ರೀ ನಮಗ."

"ಹಂಗಾರ ಐದು ಕಲಶದ್ದು ತರ್ತೀನಿ. ಅದ ಮಗ್ಗ, ಅದ ಬಣ್ಣ."

"ಯಾರ ಕೇಳ್ಯಾರ ಆ ಹೆಸರು? ಗುಮಾಸ್ತರ ಮನ್ಯಾಗ ಮಾರಲಾರದ ಸೀರಿ ಮಗಳಿಗೆ ಹಾಕಿ ಕಳಸ್ಯಾರ ಅಂತಾರ." ರಾಧಾಬಾಯಿ ಅಳುತ್ತಿದ್ದಳು. ಅವಳನ್ನು ಬೈಯುವುದಾದರೂ ಹೇಗೆ? ಹೆಸರಿನ ಬೆಲೆ ಇಷ್ಟು ಎಂದು ಜಗತ್ತಿಗೆಲ್ಲ ಹೇಳುತ್ತ ತಿರುಗಿದವನು ಇವನೇ. ಕೊನೆಗೆ ಜಮಖಂಡಿಯ ಪೇಟೆಯಿಂದ ಪರಊರಿನ ಒಂದು ಸೀರೆ ಬಂತು. ಜೋಡಿ ಹಂಸದ ಚೀಟಿ, ಝಗಝಗಿಸುವ ದಡಿ. ಪಂತ ಅದರ ಸೆರಗು ಹಿಡಿದು ಬೆರಳಲ್ಲಿ ಉಜ್ಜಿದ. ಹದಿನೆಂಟು ವರ್ಷ ಸೀರೆ ಮುಟ್ಟಿ ಪಳಗಿದ ಬೆರಳು. ಬಣ್ಣ ಕಚ್ಚಾ ಎಂದು ಗೊತ್ತಾಯಿತು. "ಅಕ್ಕಿ ಕಟ್ಟಿ ನೋಡೋಣೇನು?" ಎಂದ.

"ಅಪಶಕುನದ ಮಾತು ಆಡಬ್ಯಾಡ್ರೀ," ಎಂದಳು ರಾಧಾಬಾಯಿ.

ಮದುವೆ ಸುಸೂತ್ರವಾಯಿತು. ಮಗಳನ್ನು ಕಳಿಸುವ ಹೊತ್ತು ಬಂತು. ಐದು ಮುತ್ತೈದೆಯರು ಉಡಿ ತುಂಬಿದರು. ಅಕ್ಕಿ, ಅರಿಷಿಣ ಬೇರು, ಆಗಷ್ಟೇ ತೊಳೆದ ಹಸಿ ತೆಂಗಿನಕಾಯಿ. ವೈಶಾಖದ ಧಗೆ, ಜನರ ಗದ್ದಲ, ಇಂದು ಆ ಉಡಿ ಹಿಡಿದುಕೊಂಡು ದೊಡ್ಡವರಿಗೆಲ್ಲ ನಮಸ್ಕಾರ ಮಾಡುತ್ತ ಒಂದು ತಾಸು ಮನೆಯೆಲ್ಲ ಸುತ್ತಿದಳು. ಹೊರಡುವ ಮುಂಚೆ ತವರು ತುಂಬಿರಲಿ ಎಂದು ಉಡಿಯಿಂದ ಐದು ಮುಟಿಗೆ ಅಕ್ಕಿ ತಾಯಿಯ ತಟ್ಟೆಗೆ ತಿರುಗಿ ಹಾಕುವ ಪದ್ಧತಿ. ಇಂದು ಸೆರಗು ಸಡಿಲಿಸಿ ಕೈ ಹಾಕಿದಳು. ಮೊದಲ ಮುಟಿಗೆ ಹಿತ್ತಾಳೆ ತಟ್ಟೆಯ ಮೇಲೆ ಬಿತ್ತು.

ಅಕ್ಕಿ ಕೆಂಪಾಗಿತ್ತು.

ಬೀಗಿತ್ತಿ ಬಗ್ಗಿ ನೋಡಿದಳು. ರಾಧಾಬಾಯಿಯ ಮುಖ ಬಿಳಿಚಿತು, ಆದರೆ ಬಾಯಿ ಮೊದಲೇ ಓಡಿತು. "ಕುಂಕುಮ ಹತ್ತೇದರೀ, ಕುಂಕುಮದ ಬಟ್ಟಲ ಚೆಲ್ಲಿತ್ತು." ಬೀಗಿತ್ತಿ ಇಂದುವಿನ ಸೆರಗಿನ ತುದಿ ತಿರುವಿದಳು. ಜೋಡಿ ಹಂಸ. ಅವಳ ಮುಖ ಸಡಿಲಾಯಿತು. "ಛಾಪು ಛಲೋದದ. ಕುಂಕುಮಾನ ಇರಬೇಕು. ಒಳ್ಳೇ ಶಕುನ," ಎಂದಳು. ಎಲ್ಲರೂ ಹೌದೌದು ಎಂದರು. ಹಲಗೆ ಶಹನಾಯಿ ಸುರುವಾದವು.

ಮಗಳ ಮದುವೆಯ ಚಪ್ಪರದ ನಡುವೆ ಕೃಷ್ಣಾಜಿಪಂತ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಯಾರಿಗೂ ಏನೂ ಹೇಳುವ ಹಾಗಿರಲಿಲ್ಲ. ತಿರುಗಿ ಅಡುಗೆಮನೆಯ ಕಡೆ ನೋಡಿದ. ಬಾಗಿಲಿನ ಸಂದಿಯಲ್ಲಿ ವತ್ಸಲಾಬಾಯಿ ನಿಂತಿದ್ದಳು. ಬೆಳಗಿನಿಂದ ಬಾವಿಯ ನೀರು ಸೇದಿ ಕೆಂಪು ಸೀರೆ ತೊಪ್ಪೆಯಾಗಿತ್ತು. ಸೆರಗಿನಿಂದ ಹನಿ ಹನಿಯಾಗಿ ನೀರು ನೆಲಕ್ಕೆ ಬೀಳುತ್ತಿತ್ತು. ಸುಣ್ಣ ಸಾರಿಸಿದ ಬಿಳಿ ಹೊಸ್ತಿಲ ಮೇಲೆ ಪಂತ ಕಣ್ಣಿಟ್ಟು ನೋಡಿದ. ನೀರು ನೀರಾಗಿಯೇ ಇತ್ತು, ಒಂದು ಹನಿಗೂ ಬಣ್ಣ ಹತ್ತಿರಲಿಲ್ಲ. ಆ ಮದುವೆಯ ಮನೆಯಲ್ಲಿ ಯಾರ ಮೈಮೇಲಾದರೂ ಉಡಿಯಕ್ಕಿ ಛಾಪದ ಸೀರೆ ಇದ್ದದ್ದು ಅದೊಂದೇ.